ಅಪ್‌ಡೇಟ್: ಮೈಸೂರಿನ 9 ಲಕ್ಷವೋ, ಬೆಂಗಳೂರಿನ 13 ಲಕ್ಷವೋ

ನಾನು ಕೇಳಿದ್ದು: "ಮೈಸೂರಲ್ಲಿ 9 ಲಕ್ಷ, ಬೆಂಗಳೂರಲ್ಲಿ 13 ಲಕ್ಷ ಸಿಟಿಸಿ. ಮನೆಯಲ್ಲಿ ಇಬ್ಬರೇ, ದುಡಿಯೋದು ನಾನೊಬ್ಬನೇ. ಖರ್ಚು ಕಳೆದರೆ ಯಾವುದು ಮೇಲು?"

ನೀವು ಹೇಳಿದಂತೆ ಎರಡೂ ಕಡೆಯಿಂದ ಸಂಬಳದ ಪೂರ್ತಿ ವಿವರ ತರಿಸಿಕೊಂಡೆ. ಬೆಂಗಳೂರಿನ 13ರಲ್ಲಿ ಒಂದೂವರೆ ಲಕ್ಷ ವೇರಿಯಬಲ್, ವರ್ಷದ ಕೊನೆಗೆ ಕೊಟ್ಟರೆ ಕೊಟ್ಟರು. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿಯೂ ಅದರೊಳಗೇ. ತಿಂಗಳಿಗೆ ಕೈಗೆ ಬರೋದು 82,000, ಮೈಸೂರಲ್ಲಿ 64,000. ಕಾಗದದ ಮೇಲೆ ತಿಂಗಳಿಗೆ 33,000 ಕಂಡ ಅಂತರ ಇಲ್ಲೇ 18,000ಕ್ಕೆ ಇಳೀತು.

ಆಫೀಸು ವೈಟ್‌ಫೀಲ್ಡ್. ಅಲ್ಲೇ ಎರಡು ಬೆಡ್‌ರೂಮಿನ ಮನೆ ಮೇಂಟೆನೆನ್ಸ್ ಸೇರಿ 32,000, ಮೈಸೂರಿನ ವಿಜಯನಗರದಲ್ಲಿ 14,000. ಅಂತರ ಪೂರ್ತಿ ಬಾಡಿಗೆಗೇ ಹೋಯ್ತು. ಕೆಂಗೇರಿಯಲ್ಲಿ 21,000ಕ್ಕೆ ಸಿಗ್ತಿತ್ತು, ನೇರಳೆ ಮಾರ್ಗದ ಮೆಟ್ರೋ ನೇರ ಹೋಗುತ್ತೆ. ಆದರೆ ಆ ಕೊನೆಯಿಂದ ಈ ಕೊನೆಗೆ ಟಿಕೆಟ್ 90ರ ಆಸುಪಾಸು, ತಿಂಗಳಿಗೆ 4,000, ಆಟೋಗೆ 1,500. ಒಟ್ಟು 26,500. ಮೈಸೂರಲ್ಲಿ ಬಾಡಿಗೆ, ಸ್ಕೂಟರ್ ಪೆಟ್ರೋಲ್ ಸೇರಿ 15,500.

ಅಂದರೆ 11,000 ಇಲ್ಲಿ ಹೋಯ್ತು. ಮನೆಗೆಲಸದವರು, ಮಧ್ಯಾಹ್ನದ ಊಟ, ನೀರಿನ ಕ್ಯಾನ್ ಅಂತ ಇನ್ನೊಂದು 4,000. ಉಳಿಯೋದು 3,000, ಅದಕ್ಕೆ ದಿನಾ ಮೂರು ಗಂಟೆ ಓಡಾಟ! ಎರಡು ಲಕ್ಷ ಅಡ್ವಾನ್ಸ್ ಬಡ್ಡಿಯಿಲ್ಲದೆ ಮಾಲೀಕರ ಹತ್ತಿರ ಕೂರೋದು, ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿಯೋದು ಬೇರೆ.

ವೇರಿಯಬಲ್ ಅನ್ನು ಫಿಕ್ಸೆಡ್‌ಗೆ ಸೇರಿಸಿ, ಇಲ್ಲಾ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಕೊಡಿ ಅಂತ ಕೇಳಿದೆ. ಎರಡಕ್ಕೂ ಒಪ್ಪಲಿಲ್ಲ. ಮೈಸೂರಿನ ಆಫರ್‌ಗೆ ಸಹಿ ಹಾಕಿದ್ದೀನಿ, ಮುಂದಿನ ಸೋಮವಾರ ಜಾಯಿನಿಂಗ್.