ಡಯೋಡ್ ಇದ್ದರೂ ಆಪ್-ಆಂಪ್ ಸುಟ್ಟಿದ್ದು ಯಾಕೆ?

ಮೂಡಿಗೆರೆಯ ತೋಟದವರು ಕೇಳಿದ್ದು

ತೋಟದ ಮೇಲಿನ ಟ್ಯಾಂಕಿಗೆ ನೀರಿನ ಮಟ್ಟದ ಸೆನ್ಸರ್ ಹಾಕಿದ್ದೇನೆ. ಅದಕ್ಕೆ 24 ವೋಲ್ಟ್ ಸಪ್ಲೈ, ಔಟ್‌ಪುಟ್ 0ರಿಂದ 5 ವೋಲ್ಟ್. ಬೋರ್ಡಿನಲ್ಲಿ 5 ವೋಲ್ಟಿನ MCP6002 ಬಫರ್. ಇನ್‌ಪುಟ್‌ಗೆ 1ಕೆ ರೆಸಿಸ್ಟರ್, ಆಮೇಲೆ ಸಪ್ಲೈಗೆ ಒಂದು, ಗ್ರೌಂಡಿಗೆ ಒಂದು 1N4148. ಇಲಿ ಕೇಬಲ್ ಕಡಿದು 24 ವೋಲ್ಟಿನ ತಂತಿ ಸಿಗ್ನಲ್ ತಂತಿಗೆ ತಾಗಿತು. ಎರಡು ಸಲ ಹೀಗಾಯಿತು, ಎರಡು ಸಲವೂ ಐಸಿ ಹೋಯಿತು. ಡಯೋಡ್ ಇದ್ದರೂ ಯಾಕೆ? ಅನುಭವ ಇದ್ದವರು ಹೇಳಿ.

ಸಕಲೇಶಪುರದವರು

ಅಣ್ಣ, ಇದು ಸಿಡಿಲಿನ ಕೆಲಸವೇ ಇರಬೇಕು. ನಮ್ಮ ಕಡೆ ಏಪ್ರಿಲ್ ಮಳೆ ಶುರುವಾದರೆ ಸಾಕು, ಉದ್ದ ಕೇಬಲ್ ಇರೋದೆಲ್ಲ ಹೋಗುತ್ತೆ. ಹೋದ ವರ್ಷ ಪಂಪ್ ಮನೆಯಿಂದ ಇನ್ನೂರು ಮೀಟರ್ ಎಳೆದಿದ್ದೆ. ಒಂದೇ ಸಂಜೆಗೆ ಸೆನ್ಸರ್, ಬೋರ್ಡ್, ಮೋಡೆಮ್ ಮೂರೂ ಹೋದವು. ಅಷ್ಟು ಚಿಕ್ಕ ಡಯೋಡ್ ಸಿಡಿಲನ್ನು ತಡೆಯಲ್ಲ. ಕೇಬಲ್ ಒಳಗೆ ಬರುವ ಜಾಗದಲ್ಲೇ ಸರ್ಜ್ ಅರೆಸ್ಟರ್ ಹಾಕಿ, ಒಳ್ಳೆ ಅರ್ಥಿಂಗ್ ಕೊಡಿ.

ಹಾಸನದಿಂದ, ಇನ್ವರ್ಟರ್ ಮತ್ತು ಕಂಟ್ರೋಲ್ ಬೋರ್ಡ್ ರಿಪೇರಿ ಮಾಡುವವನು

ಸಿಡಿಲಿನ ಮಾತು ಸರಿ, ಆದರೆ ಅದು ಬೇರೆ ಕಾಯಿಲೆ. ಇವರ ಕೇಸಿನಲ್ಲಿ ಬಂದಿದ್ದು 24 ವೋಲ್ಟ್ ಡಿಸಿ, ಅದೂ ಗಂಟೆಗಟ್ಟಲೆ ನಿಂತಿರೋದು.

ಡಯೋಡ್ ವೋಲ್ಟೇಜನ್ನು ನುಂಗುವುದಿಲ್ಲ. ಕರೆಂಟಿಗೆ ಬೇರೆ ದಾರಿ ತೋರಿಸುತ್ತದೆ, ಅಷ್ಟೇ. ನಿಮ್ಮ ಮೇಲಿನ ಡಯೋಡ್ ತೋರಿಸಿದ ದಾರಿ 5 ವೋಲ್ಟ್ ಸಪ್ಲೈ. ಲೆಕ್ಕ ನೋಡಿ: 24ರಲ್ಲಿ 5.7 ಕಳೆದರೆ 18.3 ವೋಲ್ಟ್. ಅದು 1ಕೆ ಮೂಲಕ ಬಂದರೆ 18 ಮಿಲಿಆಂಪ್. ನಿಮ್ಮ ಬೋರ್ಡ್ ಒಟ್ಟು ಎಷ್ಟು ಎಳೆಯುತ್ತದೆ? ಮೂರು ಮಿಲಿಆಂಪ್ ಎಂದುಕೊಳ್ಳಿ. ಉಳಿದ 15 ಎಲ್ಲಿಗೆ ಹೋಗಬೇಕು? ಸಾಮಾನ್ಯ ರೆಗ್ಯುಲೇಟರ್ ಕರೆಂಟ್ ಕೊಡುತ್ತದೆ, ವಾಪಸ್ ತಗೊಳ್ಳುವುದಿಲ್ಲ. ಹೋಗಲು ಜಾಗ ಇಲ್ಲದೆ ಸಪ್ಲೈಯೇ ಮೇಲೆ ಏರುತ್ತದೆ. MCP6002 ಸಪ್ಲೈ ತಡೆಯುವ ಕೊನೆಯ ಮಿತಿ 7 ವೋಲ್ಟ್. ಹಾಗಾಗಿ ನಿಮ್ಮ ಐಸಿ ಸತ್ತಿದ್ದು ಇನ್‌ಪುಟ್ ಕಾಲಿನಿಂದ ಅಲ್ಲ, ಸಪ್ಲೈ ಕಾಲಿನಿಂದ ಎಂಬುದು ನನ್ನ ಅನುಮಾನ.

ಇದನ್ನು ನೀವೇ ನೋಡಬಹುದು. ಆಪ್-ಆಂಪ್, ಕಂಟ್ರೋಲರ್ ಎರಡನ್ನೂ ಸಾಕೆಟ್‌ನಿಂದ ತೆಗೆಯಿರಿ. ಅವುಗಳ ಬದಲು 5 ವೋಲ್ಟಿಗೂ ಗ್ರೌಂಡಿಗೂ ನಡುವೆ 1.5ಕೆ ರೆಸಿಸ್ಟರ್ ಹಾಕಿ, ಅದು ಮೂರು ಚಿಲ್ಲರೆ ಮಿಲಿಆಂಪ್ ಎಳೆಯುತ್ತದೆ. ಮೀಟರನ್ನು 5 ವೋಲ್ಟ್ ಮೇಲಿಟ್ಟು, ಸಿಗ್ನಲ್ ತಂತಿಗೆ 24 ವೋಲ್ಟ್ ಒಂದು ಕ್ಷಣ ಮುಟ್ಟಿಸಿ.

ಅರಸೀಕೆರೆಯವರು

ಇಷ್ಟೆಲ್ಲ ಯಾಕೆ ಸರ್? LM358 ಹಾಕಿಬಿಡಿ. ಅದರ ಇನ್‌ಪುಟ್‌ನಿಂದ ಸಪ್ಲೈಗೆ ಒಳಗೆ ಡಯೋಡ್ ಇಲ್ಲ. ಸಪ್ಲೈ 5 ಇದ್ದರೂ ಇನ್‌ಪುಟ್‌ಗೆ 32 ವೋಲ್ಟ್ ತನಕ ಬರಬಹುದು ಅಂತ ಡೇಟಾಶೀಟ್‌ನಲ್ಲೇ ಇದೆ. ರೆಸಿಸ್ಟರ್ ಬೇಡ, ಡಯೋಡ್ ಬೇಡ.

ಹಾಸನ

32 ವೋಲ್ಟಿನ ಮಾತು ನಿಜ, ನಾನೂ ಅದನ್ನು ನಂಬಿ ಬಳಸಿದ್ದೇನೆ. ಆದರೆ ಎರಡು ತೊಂದರೆ. ಒಂದು, ಅದು ಮೇಲಿನ ಕಡೆಗೆ ಮಾತ್ರ. ಗ್ರೌಂಡಿಗಿಂತ 0.3 ವೋಲ್ಟ್ ಕೆಳಗೆ ಹೋದರೆ ಒಳಗೆ ಕರೆಂಟ್ ಹರಿಯಲು ಶುರುವಾಗುತ್ತದೆ. ಹಾಗಾಗಿ ರೆಸಿಸ್ಟರ್ ಬೇಕೇ ಬೇಕು. ಎರಡು, 5 ವೋಲ್ಟ್ ಸಪ್ಲೈ ಕೊಟ್ಟರೆ LM358 ಸುಮಾರು 3.5 ವೋಲ್ಟ್ ತನಕವೇ ಓದುತ್ತದೆ. ಇವರ ಟ್ಯಾಂಕ್ ಮುಕ್ಕಾಲು ತುಂಬುವ ಹೊತ್ತಿಗೆ ರೀಡಿಂಗ್ ನಿಂತುಬಿಡುತ್ತದೆ.

ಮೂಡಿಗೆರೆ

ಹೇಳಿದ ಹಾಗೇ ಮಾಡಿದೆ ಸರ್. 24 ಮುಟ್ಟಿಸಿದ ತಕ್ಷಣ ಮೀಟರ್ 5ರಿಂದ ಹತ್ತು ದಾಟಿ ಹೋಯಿತು. ಹೆದರಿ ತೆಗೆದುಬಿಟ್ಟೆ. ಇಷ್ಟು ದಿನ ಇನ್‌ಪುಟ್ ಕಾಲನ್ನೇ ನೋಡುತ್ತಾ ಕೂತಿದ್ದೆ. ಈಗ ಏನು ಬದಲಾಯಿಸಲಿ?

ಹಾಸನ

1ಕೆ ತೆಗೆದು 22ಕೆ ಹಾಕಿ. ಈಗ ಅದೇ 18.3 ವೋಲ್ಟಿಗೆ ಬರುವ ಕರೆಂಟ್ 0.83 ಮಿಲಿಆಂಪ್. ಬೋರ್ಡ್ ಮೂರು ಎಳೆಯುತ್ತಿದ್ದರೆ ಇದನ್ನೂ ಅದೇ ತಿಂದುಹಾಕುತ್ತದೆ, ರೆಗ್ಯುಲೇಟರ್ ಅಷ್ಟು ಕಡಿಮೆ ಕೊಡುತ್ತದೆ, 5 ವೋಲ್ಟ್ ಅಲುಗುವುದಿಲ್ಲ. ಅದೇ 1.5ಕೆ ಇಟ್ಟು ಮತ್ತೆ ಮುಟ್ಟಿಸಿ ನೋಡಿ.

ಇನ್ನೊಂದು 1ಕೆಯನ್ನು ಡಯೋಡಿಗೂ ಆಪ್-ಆಂಪ್ ಕಾಲಿಗೂ ನಡುವೆ ಹಾಕಿ. ಯಾಕೆಂದರೆ ಐಸಿ ಒಳಗೂ ಇಂಥದ್ದೇ ಚಿಕ್ಕ ಡಯೋಡ್ ಇದೆ. ಹೊರಗಿನದೂ ಒಳಗಿನದೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿಗೆ ತೆರೆಯುವುದರಿಂದ ಕರೆಂಟ್ ಎರಡರಲ್ಲೂ ಹಂಚಿಹೋಗುತ್ತದೆ. MCP6002 ಕಾಲಿಗೆ 2 ಮಿಲಿಆಂಪ್ ಮಿತಿ. ನಡುವೆ 1ಕೆ ಇದ್ದರೆ ಹೆಚ್ಚಿನ ಪಾಲು ಹೊರಗಿನ ಡಯೋಡಿಗೇ ಹೋಗುತ್ತದೆ.

ಇನ್‌ಪುಟ್ ಸ್ವತಃ ಎಳೆಯುವ ಕರೆಂಟ್ ಇದರಲ್ಲಿ ಲೆಕ್ಕಕ್ಕೇ ಬರದಷ್ಟು ಕಡಿಮೆ. ಹಾಗಾಗಿ 22ಕೆಯಿಂದ ರೀಡಿಂಗ್ ಕೆಡುವುದಿಲ್ಲ. ನೀರಿನ ಮಟ್ಟ ನಿಧಾನಕ್ಕೆ ಬದಲಾಗುವಂಥದ್ದು, ವೇಗದ ಚಿಂತೆಯೂ ಇಲ್ಲ.

ಚಿಕ್ಕಮಗಳೂರಿನಿಂದ, ಡಿಪ್ಲೊಮಾ ಕಾಲೇಜಿನ ಲ್ಯಾಬ್‌ನವಳು

ರೆಸಿಸ್ಟರ್ ದೊಡ್ಡದು ಮಾಡುವಾಗ ಡಯೋಡ್ ಯಾವುದು ಅಂತ ನೋಡಿಕೊಳ್ಳಿ. ನಾನು ಬೇಗ ತೆರೆಯುತ್ತದೆ ಅಂತ BAT85 ಹಾಕಿ, ರೆಸಿಸ್ಟರ್ 100ಕೆ ಇಟ್ಟಿದ್ದೆ. ಬೆಳಗ್ಗೆ ಸರಿ ಇರುತ್ತಿತ್ತು. ಮಧ್ಯಾಹ್ನ ಬಿಸಿಲಿಗೆ ಡಬ್ಬಿ ಕಾದರೆ, ಖಾಲಿ ಟ್ಯಾಂಕಿಗೂ 40-50 ಮಿಲಿವೋಲ್ಟ್ ತೋರಿಸುತ್ತಿತ್ತು. ಆ ಜಾತಿಯ ಡಯೋಡ್ ಮುಚ್ಚಿದ್ದಾಗಲೂ ಸೋರುತ್ತದೆ, ಬಿಸಿಯಾದರೆ ಇನ್ನೂ ಜಾಸ್ತಿ. ಅರ್ಧ ಮೈಕ್ರೋಆಂಪ್ ಸೋರಿದರೂ 100ಕೆಯಲ್ಲಿ 50 ಮಿಲಿವೋಲ್ಟ್ ಆಯಿತಲ್ವಾ?

1N4148ಕ್ಕೆ ಬದಲಾಯಿಸಿದೆ, ಬಿಸಿಲಿನ ಕಾಟ ಹೋಯಿತು. ಆದರೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಾಗ ರೀಡಿಂಗ್ ಒಂದೆರಡು ಮಿಲಿವೋಲ್ಟ್ ಸರಿಯಿತು! ಗಾಜಿನ ಮೈಯ ಡಯೋಡ್, ಬೆಳಕು ಒಳಗೆ ಬೀಳುತ್ತದೆ. ಕಪ್ಪು ಟೇಪ್ ಸುತ್ತಿದ ಮೇಲೆ ನಿಂತಿತು. 22ಕೆಯಲ್ಲಿ ಇದು ಗೊತ್ತೂ ಆಗಲಿಕ್ಕಿಲ್ಲ, ಮುಚ್ಚಿದ ಡಬ್ಬಿಯಲ್ಲಂತೂ ಇಲ್ಲವೇ ಇಲ್ಲ.

ಇನ್ನೊಂದು ಪ್ರಶ್ನೆ. ನಿಮ್ಮ ಬೋರ್ಡ್ ಯಾವಾಗಲೂ ಮೂರು ಮಿಲಿಆಂಪ್ ಎಳೆಯುತ್ತದೆಯೇ? ಅಥವಾ ನಡುನಡುವೆ ನಿದ್ದೆ ಹೋಗುತ್ತದೆಯೇ?

ಮೂಡಿಗೆರೆ

22ಕೆ ಹಾಕಿ ನೋಡಿದೆ, 24 ಮುಟ್ಟಿಸಿದರೂ ಮೀಟರ್ 5ರಲ್ಲೇ ನಿಂತಿತು. ತುಂಬಾ ಖುಷಿಯಾಯಿತು. ಆದರೆ ಮೇಡಂ ಕೇಳಿದ್ದು ಸರಿಯಾಗೇ ತಾಗಿತು. ಸೋಲಾರ್ ಬ್ಯಾಟರಿ ಉಳಿಸಲು ಕಂಟ್ರೋಲರ್ ಹತ್ತು ನಿಮಿಷಕ್ಕೊಮ್ಮೆ ಏಳುತ್ತದೆ. ನಿದ್ದೆಯಲ್ಲಿ ಒಟ್ಟು 0.3 ಮಿಲಿಆಂಪ್ ಕೂಡ ಇಲ್ಲ.

ಚಿಕ್ಕಮಗಳೂರು

ಹಾಗಾದರೆ ನಿದ್ದೆಯ ಹೊತ್ತಿನಲ್ಲಿ 0.83 ಬಂದರೂ ಸಪ್ಲೈ ಏರುತ್ತದೆ. ಬೋರ್ಡ್ ಪೂರ್ತಿ ಆಫ್ ಇದ್ದು ಸೆನ್ಸರ್ ಮಾತ್ರ ಆನ್ ಇದ್ದರೆ ಇನ್ನೊಂದು ತಾಪತ್ರಯ. ಸಿಗ್ನಲ್ ತಂತಿಯಿಂದಲೇ ಬೋರ್ಡಿಗೆ ಕರೆಂಟ್ ಬಂದು ಕಂಟ್ರೋಲರ್ ಅರ್ಧ ಎದ್ದು ಕೂರುತ್ತದೆ. ನಮ್ಮ ಲ್ಯಾಬಿನಲ್ಲಿ ಸ್ವಿಚ್ ಆಫ್ ಮಾಡಿದ ಬೋರ್ಡಿನ ಎಲ್‌ಇಡಿ ಮಂಕಾಗಿ ಉರಿಯುತ್ತಿತ್ತು. ಅದರಿಂದಲೇ ಗೊತ್ತಾಗಿದ್ದು. 5 ವೋಲ್ಟಿಗೂ ಗ್ರೌಂಡಿಗೂ ನಡುವೆ 4.7ಕೆ ಹಾಕಿ. ಅದು ಯಾವಾಗಲೂ 1 ಮಿಲಿಆಂಪ್ ಎಳೆಯುತ್ತಿರುತ್ತದೆ.

ಹಾಸನ

ಸೋಲಾರ್ ಬ್ಯಾಟರಿಗೆ ಆ 1 ಮಿಲಿಆಂಪ್ ಹಗಲು ರಾತ್ರಿ ಖರ್ಚು ಮೇಡಂ. ನಾನಾದರೆ 5.6 ವೋಲ್ಟಿನ ಜೀನರ್ ಹಾಕುತ್ತೇನೆ. ಸಪ್ಲೈ 7 ಮುಟ್ಟುವ ಮೊದಲೇ ಅದು ಎಳೆಯಲು ಶುರುಮಾಡುತ್ತದೆ.

ಚಿಕ್ಕಮಗಳೂರು

ಕಡಿಮೆ ವೋಲ್ಟಿನ ಜೀನರ್ 5 ವೋಲ್ಟಿನಲ್ಲೇ ಸ್ವಲ್ಪ ಸ್ವಲ್ಪ ಎಳೆಯುತ್ತದೆ ಸರ್, ಒಂದೊಂದು ಪೀಸ್ ಒಂದೊಂದು ಥರ. ನಿದ್ದೆಯಲ್ಲಿ 0.3 ಉಳಿಸುವವರಿಗೆ ಅದೂ ದೊಡ್ಡದೇ. ಕೈಯಲ್ಲಿರುವ ಜೀನರನ್ನು 5 ವೋಲ್ಟಿಗೆ ಕೊಟ್ಟು ಎಷ್ಟು ಎಳೆಯುತ್ತದೆ ಅಂತ ಅಳೆದೇ ಹಾಕಬೇಕು.

ಮೂಡಿಗೆರೆ

ಡಬ್ಬಿಯಲ್ಲಿ ನಾಲ್ಕು ಜೀನರ್ ಇವೆ. ಭಾನುವಾರ ನಾಲ್ಕನ್ನೂ ಅಳೆದು ಇಲ್ಲೇ ಬರೆಯುತ್ತೇನೆ. ಅಲ್ಲಿಯ ತನಕ 22ಕೆ ಜೊತೆಗೆ 4.7ಕೆ ಹಾಕಿ ಓಡಿಸುತ್ತಿದ್ದೇನೆ. ಕೇಬಲ್ಲನ್ನು ಜಿಐ ಪೈಪಿನೊಳಗೆ ಹಾಕಿಸುವ ಕೆಲಸವೂ ಶುರುವಾಗಿದೆ.