ಪದಚರ್ಚೆ: ಶುಗರ್ ಮೀಟರಿನ LO, ಮತ್ತು 'ಫಾಸ್ಟಿಂಗ್'

ಕೊಥ್ರೂಡ್, ಪುಣೆ

ನಮ್ಮ ಬಳಗದ ಹಿರಿಯರು ಕೆಲವರು ಜನವರಿಯಲ್ಲಿ ಮಕ್ಕಳ ಮನೆಗೆಂದು ನ್ಯೂಜೆರ್ಸಿಗೆ ಹೊರಟಿದ್ದಾರೆ. ಶುಗರ್ ಮೀಟರ್ ಇಟ್ಟುಕೊಂಡವರಿಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗುತ್ತಿಲ್ಲ. ಪರದೆಯ ಮೇಲಿನ LO ಗೆ 'ಕಡಿಮೆ' ಎಂದರೆ ಸಾಕೇ? 'ಫಾಸ್ಟಿಂಗ್'ಗೆ 'ಉಪವಾಸದ ಸಕ್ಕರೆ' ಎಂದು ಬರೆದರೆ ಓದಿದವರು ನಗುತ್ತಾರೆ.

ಡೊಂಬಿವಿಲಿ

LO ಎಂದರೆ ಮೀಟರ್ ತಣ್ಣಗಾಗಿದೆ ಎಂದಲ್ಲವೇ? 'ತಾಪ ಕಡಿಮೆ' ಎಂದು ಹಾಕಿ. ಚಳಿಯಲ್ಲಿ ಮೀಟರ್ ಕೈಕೊಡುವುದಂತೂ ನಿಜ. ಅಂಗೈಯಲ್ಲಿ ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ.

ಮಾಟುಂಗಾ

'ತಾಪ ಕಡಿಮೆ' ಬೇಡವೇ ಬೇಡ. LO ಎಂದರೆ ಸಕ್ಕರೆ ಮೀಟರಿನ ಲೆಕ್ಕಕ್ಕೂ ಸಿಗದಷ್ಟು ಕೆಳಗಿದೆ ಎಂದು. ಬಹಳಷ್ಟು ಮೀಟರ್‌ಗಳಲ್ಲಿ 20ಕ್ಕಿಂತ ಕೆಳಗೆ. ಇದನ್ನು ಚಳಿಯ ದೋಷವೆಂದುಕೊಂಡು ಮೀಟರ್ ಬಿಸಿ ಮಾಡುತ್ತ ಕೂತರೆ ಮನುಷ್ಯ ಕುಸಿದುಬೀಳುತ್ತಾನೆ. ಬೆವರು, ನಡುಕ, ಮಂಕು ಇದ್ದರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಬೇಕು. ಯಾವ ಲಕ್ಷಣವೂ ಇಲ್ಲದಿದ್ದರೆ ಕೈ ತೊಳೆದು, ಒರೆಸಿ, ಹೊಸ ಸ್ಟ್ರಿಪ್‌ನಲ್ಲಿ ಕೂಡಲೇ ಮತ್ತೆ ನೋಡಲಿ. ನನ್ನ ಸಲಹೆ: 'ಸಕ್ಕರೆ ತೀರಾ ಇಳಿದಿದೆ'.

ತಾಪದ ದೋಷಕ್ಕೆ ಬೇರೆ ಗುರುತಿದೆ. ಥರ್ಮಾಮೀಟರಿನ ಚಿತ್ರವೋ E ಜೊತೆಗೊಂದು ಅಂಕಿಯೋ ಬರುತ್ತದೆ. ಕಂಪನಿಯಿಂದ ಕಂಪನಿಗೆ ಬೇರೆ, ಪುಸ್ತಿಕೆ ನೋಡಬೇಕು. ಸಾಮಾನ್ಯವಾಗಿ 10ರಿಂದ 40 ಡಿಗ್ರಿಯೊಳಗೆ ಮೀಟರ್ ಕೆಲಸ ಮಾಡುತ್ತದೆ. ದೋಷದ ಗುರುತು ಬಂದರೆ ಪುಣ್ಯ. ಬರದೆ ತಪ್ಪು ಅಂಕಿ ಬರುವುದೇ ಫಜೀತಿ. ಸ್ಟ್ರಿಪ್ ಮೇಲಿನ ಕಿಣ್ವದ ವೇಗ ತಾಪಕ್ಕೆ ತಕ್ಕಂತೆ ಏರಿಳಿಯುವುದರಿಂದ ಮೀಟರ್ ತನ್ನೊಳಗಿನ ತಾಪ ಅಳೆದು ಅಂಕಿಯನ್ನು ಸರಿಪಡಿಸುತ್ತದೆ. ಹಿಮದಿಂದ ಮನೆಯೊಳಗೆ ಬಂದಾಗ ತೆಳ್ಳನೆಯ ಸ್ಟ್ರಿಪ್ ಬೇಗ ಬೆಚ್ಚಗಾಗುತ್ತದೆ, ಮೀಟರಿನ ಒಡಲು ಇನ್ನೂ ತಣ್ಣಗಿರುತ್ತದೆ. ಆಗ ಸರಿಪಡಿಸಿದ್ದೇ ತಪ್ಪಾಗುತ್ತದೆ. ಅಂಗೈಯಲ್ಲಿ ಉಜ್ಜಿದರೂ ಇದೇ ಕಥೆ: ಮೀಟರ್ ಬಿಸಿ, ಸ್ಟ್ರಿಪ್ ತಣ್ಣಗೆ. ಚೀಲದಿಂದ ಮೀಟರನ್ನೂ ಮುಚ್ಚಿದ ಸ್ಟ್ರಿಪ್ ಡಬ್ಬಿಯನ್ನೂ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಅರ್ಧ ಗಂಟೆ ಇಡಬೇಕು. ಹೀಟರ್ ಹತ್ತಿರ ಬೇಡ. ಬೆರಳು ಮರಗಟ್ಟಿದ್ದರೆ ರಕ್ತ ಸಾಲದು, ಉಗುರುಬೆಚ್ಚನೆ ನೀರಿನಲ್ಲಿ ಕೈ ತೊಳೆದು ಒರೆಸಿಕೊಳ್ಳಲಿ.

ಮಡಗಾಂವ್

ನಾನು ಸೆಕೆಗೆ ಹೆದರಿ ಸ್ಟ್ರಿಪ್ ಡಬ್ಬಿಯನ್ನು ಫ್ರಿಜ್‌ನಲ್ಲಿ ಇನ್ಸುಲಿನ್ ಪಕ್ಕವೇ ಇಡ್ತೇನೆ. ಅದಕ್ಕೂ ಒಂದು ಪದ ಬೇಕಾ?

ಮಾಟುಂಗಾ

ಪದ ಬೇಡ, ಡಬ್ಬಿ ಹೊರಗೆ ತೆಗೆಯಿರಿ ಅಕ್ಕಾ. ತಣ್ಣನೆಯ ಡಬ್ಬಿಯ ಮುಚ್ಚಳ ತೆರೆದ ತಕ್ಷಣ ನಿಮ್ಮ ಗೋವೆಯ ಒದ್ದೆ ಗಾಳಿ ಸ್ಟ್ರಿಪ್ ಮೇಲೆ ಹನಿಗಟ್ಟುತ್ತದೆ, ಕಿಣ್ವ ಕೆಡುತ್ತದೆ. ಹೆಚ್ಚಿನ ಡಬ್ಬಿಗಳ ಮೇಲೆ 30 ಡಿಗ್ರಿಯೊಳಗೆ ಇಡಿ ಎಂದಿರುತ್ತದೆ. ಅಡುಗೆಮನೆ, ಬಚ್ಚಲು ಬಿಟ್ಟು ಒಳಕೋಣೆಯ ಕಪಾಟು ಸಾಕು. ಈಗಿನ ಡಬ್ಬಿಯ ಮೇಲೆ ಅನುಮಾನವಿದ್ದರೆ ಕಂಟ್ರೋಲ್ ಸಲ್ಯೂಷನ್ ಒಂದು ಹನಿ ಹಾಕಿ ನೋಡಿ. ಡಬ್ಬಿ ಮೇಲೆ ಅಚ್ಚಾದ ಎರಡು ಅಂಕಿಗಳ ನಡುವೆ ಬರದಿದ್ದರೆ ಆ ಸ್ಟ್ರಿಪ್‌ಗಳನ್ನು ಬಳಸಬೇಡಿ.

ಸದಾಶಿವ ಪೇಟೆ, ಪುಣೆ

ಫಾಸ್ಟಿಂಗಿಗೆ 'ಉಪವಾಸ' ಅಂದ್ರ ಕೆಟ್ಟಿತ್ರೀ! ಇಲ್ಲಿ ಏಕಾದಶಿ ಉಪವಾಸ ಅಂದ್ರ ಸಾಬುದಾಣಿ ಖಿಚಡಿ ತಿಂದs ಮಾಡೋದು. ಅದನ್ನ ತಿಂದು ಚುಚ್ಚಿಕೊಂಡ್ರ ಶುಗರ್ ಮುಗಿಲಿಗೇರತದ. ನಮ್ಮ ಕಡೆ 'ಬರೇ ಹೊಟ್ಟಿ' ಅಂತಾರ. ಇಲ್ಲಾಂದ್ರ 'ಬೆಳಗಿನ ಸಕ್ಕರೆ' ಅಂದುಬಿಡ್ರಿ.

ಕೊಥ್ರೂಡ್, ಪುಣೆ

'ಬೆಳಗಿನ' ಎಂದರೆ ಪ್ರಯಾಣದಲ್ಲಿ ಮೋಸವಾಗುತ್ತದಲ್ಲ ರಾಯರೇ. ಮುಂಬಯಿಯಿಂದ ರಾತ್ರಿ 1:30ಕ್ಕೆ ಹೊರಟ ವಿಮಾನ 16 ಗಂಟೆ ಹಾರಿತೆನ್ನಿ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಇಳಿದಾಗ ಅಲ್ಲಿ ಬೆಳಿಗ್ಗೆ 7, ಇಲ್ಲಿ ಸಂಜೆ 5:30. ಇಳಿಯುವ ಎರಡು ಗಂಟೆ ಮುಂಚೆ ತಿಂಡಿ ಕೊಟ್ಟಿರುತ್ತಾರೆ. 7:30ಕ್ಕೆ ನೋಡಿದ ಶುಗರ್ ಬೆಳಗಿನದು ನಿಜ, ಆದರೆ ತಿಂದು ಎರಡೂವರೆ ಗಂಟೆಯಾದದ್ದು. 'ಖಾಲಿ ಹೊಟ್ಟೆ, ಅಂದರೆ ನೀರು ಬಿಟ್ಟು ಏನೂ ತಿಂದು ಕುಡಿಯದೆ 8 ಗಂಟೆ' ಎಂದು ಬರೆಯುತ್ತೇನೆ. ಪ್ರತಿ ಅಂಕಿಯ ಪಕ್ಕದಲ್ಲಿ 'ತಿಂದು ಎಷ್ಟು ಹೊತ್ತಾಯಿತು' ಎಂಬ ಕಾಲಂ ಕೂಡ ಇರಲಿ.

ಡೊಂಬಿವಿಲಿ

LO ವಿಷಯ ತಿಳಿಯಿತು. ಮೀಟರಿನ ಗಡಿಯಾರ ಮಾತ್ರ ಭಾರತದ್ದೇ ಇರಲಿ, ಇಲ್ಲಿಯ ಡಾಕ್ಟರು ನೋಡುವುದು ತಾನೇ?

ಮಾಟುಂಗಾ

ಮೂರು ತಿಂಗಳು ಅಲ್ಲೇ ಇರುವವರಿಗೆ ಅದು ಗೋಜಲು. ರಾತ್ರಿ ಊಟದ ಅಂಕಿ ಮೀಟರಿನಲ್ಲಿ ಬೆಳಗಿನದಾಗಿ ಕೂರುತ್ತದೆ. ಇಳಿದ ದಿನವೇ ಕೈಯಾರೆ ಬದಲಿಸಿ, ಪುಸ್ತಕದಲ್ಲಿ ಒಂದು ಗೆರೆ ಎಳೆದು 'ಇಲ್ಲಿಂದ ಅಲ್ಲಿಯ ವೇಳೆ' ಎಂದು ಬರೆಯಲಿ. ಇನ್ಸುಲಿನ್ ಹೊತ್ತನ್ನು ಹೇಗೆ ಸರಿಸಬೇಕೆಂಬುದನ್ನು ಮಾತ್ರ ಈ ಪುಟದಲ್ಲಿ ಹಾಕಬೇಡಿ. ಹೊರಡುವ ಮುಂಚೆ ಅವರವರ ಡಾಕ್ಟರ ಹತ್ತಿರ ಬರೆಸಿಕೊಳ್ಳಲಿ.

ಸದಾಶಿವ ಪೇಟೆ, ಪುಣೆ

ನಾಕು ದಿನಕ್ಕ ದುಬೈಗೆ ಹೋಗಿ ಬರೋರೂ ಗಡಿಯಾರ ತಿರುಗಿಸಬೇಕೇನ್ರಿ? ಒಂದೂವರೆ ತಾಸಿನ ಫರಕಿಗೆ?