ಫ್ರೆಂಚ್ ಕಚೇರಿಯಲ್ಲಿ ಮ್ಯಾನೇಜರನ್ನು ಸಿಸಿಗೆ ಹಾಕಿ ಮುನಿಸು ಕಟ್ಟಿಕೊಂಡೆ: ಅನುಭವಸ್ಥರು ತಿಳಿಸಿ

ಪ್ರಶ್ನೆ (ಲಿಯೋನ್‌ನಿಂದ)

ಬೆಂಗಳೂರಿನಿಂದ ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತು. ಸಹೋದ್ಯೋಗಿಯೊಬ್ಬರಲ್ಲಿ ಒಂದು ಟೆಸ್ಟ್ ಫೈಲ್ ಕೇಳಿದ್ದೆ. ಎರಡು ದಿನ ಉತ್ತರ ಬಾರದಿದ್ದಾಗ, ಎರಡನೆಯ ಮೇಲ್‌ನಲ್ಲಿ ಅವರ ಮ್ಯಾನೇಜರನ್ನು ಸಿಸಿಗೆ ಸೇರಿಸಿದೆ. ಅರ್ಧ ಗಂಟೆಯಲ್ಲಿ ಫೈಲ್ ಬಂತು, ಆದರೆ ಅಂದಿನಿಂದ ಅವರು ನನ್ನನ್ನು ಕಾಫಿಗೆ ಕರೆಯುವುದನ್ನೇ ಬಿಟ್ಟಿದ್ದಾರೆ. Cc, ಬೇರೆಯವರಿಗೆ ಕಾಣದಂತೆ ಪ್ರತಿ ಕಳುಹಿಸುವ Cci, ಎಲ್ಲರಿಗೂ ಉತ್ತರಿಸುವ Répondre à tous ಇವುಗಳನ್ನು ಇಲ್ಲಿ ಯಾವಾಗ ಬಳಸಬಾರದು?

ತೂಲೂಸ್‌ನಿಂದ, ಹನ್ನೊಂದು ವರ್ಷದಿಂದ ಇಲ್ಲಿರುವವರು

ನಮ್ಮೂರಿನ ಕಚೇರಿಗಳಲ್ಲಿ ಮೇಲಿನವರನ್ನು ಸಿಸಿಯಲ್ಲಿ ಇಡುವುದು ಮರ್ಯಾದೆಯ ಭಾಗವಾಗಿಬಿಟ್ಟಿದೆ. ಇಲ್ಲಿ ಎದುರಿನವರ ನೇರ ಮೇಲಧಿಕಾರಿಯನ್ನು, ಅಂದರೆ ಇವರು N+1 ಎಂದು ಕರೆಯುವ ವ್ಯಕ್ತಿಯನ್ನು, ನಡುವೆ ಏಕಾಏಕಿ ತಂದು ನಿಲ್ಲಿಸಿದರೆ ಅದು ದೂರು ಕೊಟ್ಟಂತೆಯೇ ಓದಿಸಿಕೊಳ್ಳುತ್ತದೆ. ಎಲ್ಲದಕ್ಕೂ ಎಲ್ಲರನ್ನೂ ಸಿಸಿಗೆ ಹಾಕುವವರನ್ನು ಫ್ರೆಂಚರು ‘ಕೊಡೆ ಬಿಚ್ಚುವವರು’ ಎಂದು ಆಡಿಕೊಳ್ಳುತ್ತಾರೆ. ನಾಳೆ ಏನಾದರೂ ಆದರೆ ತಾನು ನೆನೆಯಬಾರದು ಎಂಬ ಲೆಕ್ಕಾಚಾರ ಅವರದು ಎಂದರ್ಥ.

ನಿಮ್ಮ ಪ್ರಸಂಗದಲ್ಲಿ ನಾನಾಗಿದ್ದರೆ ಎರಡನೆಯ ಮೇಲನ್ನೂ ಅವರೊಬ್ಬರಿಗೇ ಕಳುಹಿಸುತ್ತಿದ್ದೆ, ಬಳಿಕ ಅವರ ಮೇಜಿನ ಬಳಿ ಹೋಗಿ ಒಂದು ಮಾತು ಕೇಳುತ್ತಿದ್ದೆ. ಅದಕ್ಕೂ ಫೈಲ್ ಬಾರದಿದ್ದರೆ ಮಾತ್ರ ಮೂರನೆಯವರನ್ನು ಸೇರಿಸುತ್ತಿದ್ದೆ, ಅದೂ ಕದ್ದುಮುಚ್ಚಿ ಅಲ್ಲ. ಯಾರನ್ನು, ಯಾವ ಕಾರಣಕ್ಕೆ ಸೇರಿಸುತ್ತಿದ್ದೇನೆ ಎಂಬುದನ್ನು ಮೇಲ್‌ನೊಳಗೇ ಬರೆಯಬೇಕು:

```
Bonjour,
Je me permets de te relancer au sujet du fichier de tests.
Je mets le chef de projet en copie, car la livraison
de jeudi en dépend.
```

ಟೆಸ್ಟ್ ಫೈಲ್ ಬಗ್ಗೆ ಮತ್ತೆ ನೆನಪಿಸುತ್ತಿದ್ದೇನೆ, ಗುರುವಾರದ ಡೆಲಿವರಿ ಅದನ್ನೇ ನೆಚ್ಚಿಕೊಂಡಿರುವುದರಿಂದ ಪ್ರಾಜೆಕ್ಟ್ ಮುಖ್ಯಸ್ಥರನ್ನು ಸಿಸಿಗೆ ಹಾಕುತ್ತಿದ್ದೇನೆ ಎಂದು ಇದರರ್ಥ. ಇಲ್ಲಿ ಸೇರಿಸಿರುವುದು ಅವರ ಮ್ಯಾನೇಜರನ್ನಲ್ಲ, ಕೆಲಸಕ್ಕೆ ಸಂಬಂಧಪಟ್ಟವರನ್ನು ಎಂಬುದನ್ನು ಗಮನಿಸಿ. ಕಾರಣ ಗುರುವಾರದ ಡೆಲಿವರಿಯೇ ಹೊರತು ಅವರ ವಿಳಂಬವಲ್ಲ ಎಂದಾಗ ಯಾರ ಮುಖವೂ ಕೆಡುವುದಿಲ್ಲ. ಇನ್ನೊಂದು ಸಣ್ಣ ವಿಷಯವಿದೆ: ಮೇಲ್ ಯಾರಿಗೆ ಎಂದು ಬರೆಯುವ À ಸಾಲಿನಲ್ಲಿರುವವರಿಂದ ಉತ್ತರ ನಿರೀಕ್ಷಿತ, Cc ಸಾಲಿನಲ್ಲಿರುವವರು ಓದಿದರೆ ಸಾಕು. ಆದ್ದರಿಂದ ಸಿಸಿಯಲ್ಲಿರುವವರಿಗೆ ಕೆಲಸ ಹೇಳಿ, ಅವರು ಮಾಡಲಿಲ್ಲ ಎಂದು ಕೊರಗಿ ಪ್ರಯೋಜನವಿಲ್ಲ.

ಪ್ಯಾರಿಸ್‌ನಿಂದ ಇನ್ನೊಬ್ಬರು

ಇಷ್ಟೆಲ್ಲ ತಲೆಬಿಸಿ ಏಕೆ? ಮ್ಯಾನೇಜರನ್ನು Cci ಸಾಲಿಗೆ ಹಾಕಿದರೆ ಸಹೋದ್ಯೋಗಿಗೆ ಗೊತ್ತೇ ಆಗುವುದಿಲ್ಲ. ನಾನು ಹಾಗೆಯೇ ಮಾಡುತ್ತೇನೆ. ಹೊರಗಿನ ಗ್ರಾಹಕರಿಗೆ ಒಟ್ಟಾಗಿ ಮೇಲ್ ಕಳುಹಿಸುವಾಗಲಂತೂ Cci ಕಡ್ಡಾಯವೆಂದು ನಮ್ಮ ಕಂಪನಿಯೇ ಹೇಳಿದೆ.

ತೂಲೂಸ್‌ನವರು, ಮತ್ತೆ

ನಿಮ್ಮ ಎರಡನೆಯ ಮಾತು ಸರಿ. ಪರಸ್ಪರ ಪರಿಚಯವಿಲ್ಲದ ನಲವತ್ತು ಗ್ರಾಹಕರ ವಿಳಾಸಗಳನ್ನು ತೆರೆದ Cc ಸಾಲಿನಲ್ಲಿ ಹಾಕಿದರೆ ಅವರ ವೈಯಕ್ತಿಕ ಮಾಹಿತಿಯನ್ನು ಹೊರಗೆಡವಿದಂತಾಗುತ್ತದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಐರೋಪ್ಯ ದತ್ತಾಂಶ ನಿಯಮದ ಪ್ರಕಾರ, ಇಂತಹ ಸೋರಿಕೆಯಿಂದ ಜನರಿಗೆ ಅಪಾಯವಾಗುವ ಸಾಧ್ಯತೆಯಿದ್ದರೆ ಫ್ರಾನ್ಸಿನ ಮೇಲ್ವಿಚಾರಣಾ ಸಂಸ್ಥೆಯಾದ ‘ಕ್ನಿಲ್’ಗೆ 72 ಗಂಟೆಗಳೊಳಗೆ ತಿಳಿಸಬೇಕಾಗುತ್ತದೆ.

ಮೊದಲ ಮಾತು ಮಾತ್ರ ಅಪಾಯಕಾರಿ. Cci ಸಾಲಿನಲ್ಲಿದ್ದವರು ತಾವು ಮರೆಯಲ್ಲಿರುವುದನ್ನು ಗಮನಿಸದೆ Répondre à tous ಒತ್ತಿದರೆ ಅವರ ಉತ್ತರ À ಮತ್ತು Cc ಸಾಲುಗಳಲ್ಲಿರುವ ಎಲ್ಲರಿಗೂ ಹೋಗುತ್ತದೆ. ನನ್ನ ಹಳೆಯ ತಂಡದಲ್ಲಿ ಹೀಗೆಯೇ ಆಯಿತು: ಮರೆಯಲ್ಲಿದ್ದ ಮ್ಯಾನೇಜರ್ ರೈಲಿನಲ್ಲಿ ಕುಳಿತು ಫೋನಿನಿಂದ ‘ಧನ್ಯವಾದ, ನೋಡಿದೆ’ ಎಂದು ಎಲ್ಲರಿಗೂ ಉತ್ತರಿಸಿಬಿಟ್ಟರು, ಆ ಎರಡು ಪದಗಳಿಂದಲೇ ಗುಟ್ಟು ರಟ್ಟಾಯಿತು. ಮ್ಯಾನೇಜರಿಗೆ ತಿಳಿಸಲೇಬೇಕಿದ್ದರೆ, ಮೊದಲು ಮೇಲ್ ಕಳುಹಿಸಿ, ಆಮೇಲೆ ಅದನ್ನು Transférer, ಅಂದರೆ ಫಾರ್ವರ್ಡ್ ಮೂಲಕ ಅವರಿಗೆ ಬೇರೆಯಾಗಿ ರವಾನಿಸಿ. ಆಗ ಅವರು ಯಾವ ಗುಂಡಿ ಒತ್ತಿದರೂ ಉತ್ತರ ನಿಮಗಷ್ಟೇ ಬರುತ್ತದೆ.

ನಾಂತ್‌ನಿಂದ

ರಿಪ್ಲೈ ಆಲ್ ವಿಷಯ ಬಂದದ್ದರಿಂದ ನನ್ನದೂ ಒಂದು ಹೇಳುತ್ತೇನೆ. ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆ ಹಣ ಕೂಡಿಸುತ್ತಿದ್ದೇವೆ ಎಂಬ ಮೇಲ್ ಬಂದಿತ್ತು. ನಾನು ಎಲ್ಲರಿಗೂ ಉತ್ತರಿಸಿ, ಉಡುಗೊರೆ ಏನಿರಬೇಕೆಂದು ಸೂಚಿಸಿ, ಜತೆಗೆ ಇಡೀ ತಂಡದ ಗುಂಪು ವಿಳಾಸವನ್ನೂ ಸೇರಿಸಿದೆ. ಆ ಗುಂಪಿನಲ್ಲಿ ಹೊರಡುವವರೂ ಇದ್ದರು! ಅಂದಿನಿಂದ ಆ ಗುಂಡಿಯನ್ನು ಮುಟ್ಟುವುದೇ ಇಲ್ಲ.

ಗ್ರೆನೋಬ್ಲ್‌ನಿಂದ

ಮುಟ್ಟದೇ ಇರುವುದೂ ತಪ್ಪೇ ಎನ್ನುತ್ತೇನೆ. ಸಭೆಯ ದಿನಾಂಕ ಬದಲಾದುದನ್ನು ನಾನು ಮೇಲ್ ಕಳುಹಿಸಿದ್ದ ಒಬ್ಬರಿಗಷ್ಟೇ ಉತ್ತರಿಸಿ ತಿಳಿಸಿದೆ, ಉಳಿದ ಐವರು ಹಳೆಯ ದಿನವೇ ಬಂದು ಕುಳಿತರು. ಉತ್ತರದಿಂದ ಉಳಿದವರ ಕೆಲಸ ಬದಲಾಗುವುದಾದರೆ ಎಲ್ಲರಿಗೂ ಹೋಗಲಿ, ಬರೀ ‘ಸರಿ’, ‘ಧನ್ಯವಾದ’ ಎನ್ನುವುದಿದ್ದರೆ ಒಬ್ಬರಿಗೆ ಸಾಕು. ಇನ್ನು ಮ್ಯಾನೇಜರ್ ವಿಷಯದಲ್ಲಿ ತೂಲೂಸ್‌ನವರ ಮಾತನ್ನು ಪೂರ್ತಿ ಒಪ್ಪಲಾರೆ. ಹನ್ನೆರಡು ಜನರ ನಮ್ಮ ಸಂಸ್ಥೆಯಲ್ಲಿ ನಿರ್ದೇಶಕರೇ ಎಲ್ಲ ಮೇಲ್‌ಗಳಲ್ಲೂ ತಮ್ಮನ್ನು ಸಿಸಿಯಲ್ಲಿ ಇಡಬೇಕೆಂದು ಕೇಳಿಕೊಂಡಿದ್ದಾರೆ, ಬಿಟ್ಟರೆ ಅದೇ ಅವರಿಗೆ ಬೇಸರ.

ಪ್ರಶ್ನೆ ಕೇಳಿದವರು

ನಾಳೆ ನಾನೇ ಅವರನ್ನು ಕಾಫಿಗೆ ಕರೆಯುತ್ತೇನೆ. ಸಿಸಿಯ ಬಗ್ಗೆ ಅಲ್ಲಿ ಮಾತೆತ್ತುವುದೋ ಬೇಡವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.